ಗೋಪುರದ ಹಿಂದೆ ಬಂದು ಕೂತ ಹುಣ್ಣಿಮೆ ಚಂದ್ರ

ಕಳೆದ ಸಲ ಒಂದು ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲಿ ಎಲ್ಲರ ಕಣ್ಣು ಸೆಳೆದದ್ದು ಹಂಪಿಯ ಒಂದು ಫೋಟೋ. ರಥಬೀದಿಯಿಂದ ಕಾಣುವ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ, ಹಿಂದೆ ಸಂಜೆಯ ಕೇಸರಿ ಆಕಾಶ, ಗೋಪುರದ ಅರ್ಧದಷ್ಟು ಎತ್ತರದ ಹುಣ್ಣಿಮೆ ಚಂದ್ರ, ಸುತ್ತಲೂ ಬಳೆಬಳೆಯಾಗಿ ನಕ್ಷತ್ರಗಳ ಗೆರೆ. ನೋಡೋಕೆ ಚೆಂದವೇ. ಆದರೆ 'ಒಂದೇ ಕ್ಲಿಕ್ಕಿನ ಚಿತ್ರ' ಅನ್ನುವ ವಿಭಾಗಕ್ಕೆ ಕಳಿಸಿದ್ದರು.

ಮೊದಲು ಅಳತೆ ನೋಡಿದೆ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಯಾವುದೇ ವಸ್ತು ಚಂದ್ರನಷ್ಟೇ ದೊಡ್ಡದಾಗಿ ಕಾಣಬೇಕಾದರೆ, ಅದರ ಅಳತೆಯ ಸುಮಾರು 110 ಪಟ್ಟು ದೂರದಲ್ಲಿ ನಾವು ನಿಂತಿರಬೇಕು. ಗೋಪುರದ ಎತ್ತರ ಸುಮಾರು 50 ಮೀಟರ್, ಅರ್ಧ ಅಂದರೆ 25. ಅದನ್ನು 110ರಿಂದ ಗುಣಿಸಿದರೆ 2,750 ಮೀಟರ್. ಆ ಬೀದಿ ಅಷ್ಟು ಉದ್ದವೇ ಇಲ್ಲ. ಫೋಟೋದಲ್ಲಿ ಪಕ್ಕದ ಸಾಲುಮಂಟಪದ ಕಂಬಗಳು ಕೈಗೆ ಸಿಗುವಷ್ಟು ಹತ್ತಿರ ಇದ್ದವು, ಕಲ್ಲಿನ ಉಳಿ ಗುರುತೂ ಕಾಣುತ್ತಿತ್ತು. ವೈಡ್ ಲೆನ್ಸ್ ಹಾಕಿ ಹತ್ತಿರದಿಂದ ತೆಗೆದದ್ದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಚಂದ್ರ ಮಾತ್ರ ಟೆಲಿ ಲೆನ್ಸಿನದು.

ಆಮೇಲೆ ದಿಕ್ಕು. ಈ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಬೀದಿಯಲ್ಲಿ ನಿಂತು ನೋಡಿದರೆ ಅದರ ಹಿಂದಿರುವುದು ಪಶ್ಚಿಮ. ಸಂಜೆ ಅಲ್ಲಿ ಸೂರ್ಯ ಮುಳುಗುತ್ತಾನೆ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿರುತ್ತಾನೆ, ಅದಕ್ಕೇ ಪೂರ್ತಿ ದುಂಡಗೆ ಕಾಣೋದು. ಸಂಜೆ ಅವನು ಹುಟ್ಟುವುದು ಕ್ಯಾಮೆರಾದ ಬೆನ್ನ ಹಿಂದೆ! ಸಂಜೆ ಪಶ್ಚಿಮದಲ್ಲಿ, ಸೂರ್ಯ ಮುಳುಗಿದ ಕಡೆಗೇ ಕಾಣುವುದು ಬಿದಿಗೆ ತದಿಗೆಯ ತೆಳು ಚಂದ್ರ. ನಮ್ಮೂರುಗಳಲ್ಲಿ ಅದು ಬಹುಮಟ್ಟಿಗೆ ದೋಣಿಯ ಹಾಗೆ ಮಲಗಿರುತ್ತದೆ, ಬೆಳಗಿದ ಅಂಚು ಸೂರ್ಯ ಇಳಿದ ಕಡೆಗೆ.

ಇನ್ನು ನಕ್ಷತ್ರದ ಗೆರೆಗಳು. ಅವು ಬಳೆಯಾಗುವುದು ಧ್ರುವ ನಕ್ಷತ್ರದ ಸುತ್ತ. ಹಂಪಿಯಲ್ಲಿ ಅದು ಉತ್ತರಕ್ಕೆ, ದಿಗಂತದಿಂದ ಸುಮಾರು 15 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ ಎತ್ತರ, ಅಷ್ಟೇ. ಪಶ್ಚಿಮಕ್ಕೆ ತಿರುಗಿದ ಕ್ಯಾಮೆರಾದಲ್ಲಿ ಗೆರೆಗಳು ಬಲಕ್ಕೆ ಸ್ವಲ್ಪ ವಾಲಿ ಹೆಚ್ಚುಕಡಿಮೆ ನೇರ ಕೆಳಗಿಳಿಯಬೇಕು.

ಇಲ್ಲಿ ಒಂದೊಂದು ಗೆರೆಯೂ ಕಾಲು ವೃತ್ತದಷ್ಟಿತ್ತು. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ 6 ಗಂಟೆ ಶಟರ್ ತೆರೆದಿರಬೇಕು. ಚಂದ್ರ ತನ್ನದೇ ಅಗಲದಷ್ಟು ಸರಿಯಲು ಎರಡು ನಿಮಿಷ ಸಾಕು. 6 ಗಂಟೆಯಲ್ಲಿ ಅವನು ಬೆಳಕಿನ ಪಟ್ಟಿಯಾಗಿಬಿಡುತ್ತಿದ್ದ, ಅಲ್ವಾ? ಕೇಸರಿ ಬಣ್ಣವೂ ಅಷ್ಟು ಹೊತ್ತು ಉಳಿಯೋದಿಲ್ಲ.

ಕಳಿಸಿದ ಹುಡುಗ ಸಿಕ್ಕಾಗ ಇಷ್ಟನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. "ಹಾಗಾದ್ರೆ ನಿಜವಾಗಿ ಹೇಗೆ ತೆಗೀಬೇಕು ಸಾರ್?" ಅಂದ. ಹುಣ್ಣಿಮೆಯ ಮರುದಿನ ಬೆಳಕು ಹರಿಯುವ ಹೊತ್ತಿಗೆ ಅದೇ ಬೀದಿಗೆ ಹೋಗು ಅಂದೆ. ಚಂದ್ರ ಆಗ ಪಶ್ಚಿಮದಲ್ಲಿ ಇಳಿಯುತ್ತಿರುತ್ತಾನೆ. ಗೋಪುರಕ್ಕಿಂತ ಎಡಕ್ಕೋ ಬಲಕ್ಕೋ ಅನ್ನುವುದು ತಿಂಗಳ ಮೇಲೆ ಹೋಗುತ್ತದೆ, ಮೊದಲೇ ನೋಡಿಕೊಳ್ಳಬೇಕು. 500 ಮೀಟರ್ ಹಿಂದೆ ನಿಂತರೆ ಅವನ ಅಳತೆ ಗೋಪುರದ ಎತ್ತರದ ಹನ್ನೊಂದರಲ್ಲಿ ಒಂದು ಪಾಲು.