ಮದ್ದಿನ ಉಷ್ಣವೋ, ಯಾತ್ರೆಯ ನೀರೋ

ಬದಿಯಡ್ಕದಲ್ಲಿರುವ ನನ್ನ ಚಿಕ್ಕಮ್ಮ ಕಾಶಿ, ಪ್ರಯಾಗ ಮುಗಿಸಿ ಮನೆಗೆ ಮರಳಿದ ಆರನೆಯ ದಿನ ಜ್ವರ, ಕೆಮ್ಮು ಎಂದು ವೈದ್ಯರಲ್ಲಿಗೆ ಹೋದರು. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲ ಸೇರಿದ ಮಾತ್ರೆಯನ್ನು ದಿನಕ್ಕೆ ಎರಡರಂತೆ ಐದು ದಿನಕ್ಕೆ ಕೊಟ್ಟರು. ಮೂರನೆಯ ದಿನವೇ ಭೇದಿ ಶುರುವಾಯಿತು. ‘ಮದ್ದಿನ ಉಷ್ಣ’ ಎಂದು ಮನೆಯವರೆಲ್ಲ ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಕುಚ್ಚಲಕ್ಕಿ ಗಂಜಿ, ದಾಳಿಂಬೆ ಸಿಪ್ಪೆಯ ತಂಬುಳಿ, ಮಜ್ಜಿಗೆ ಎಲ್ಲವೂ ನಡೆದವು. ಮಾತ್ರೆ ನಿಂತು ಮೂರು ವಾರ ಕಳೆದರೂ ಭೇದಿ ನಿಲ್ಲಲಿಲ್ಲ. ಅಷ್ಟರಲ್ಲಿ ಅವರ ತೂಕ ನಾಲ್ಕು ಕಿಲೋ ಇಳಿದಿತ್ತು.

‘ಮದ್ದಿನ ಉಷ್ಣ’ ಎಂಬುದು ತಿಳಿಯದವರ ಮಾತೆಂದು ನಾನು ಹೇಳಲಾರೆ. ಐವತ್ತು ವರ್ಷಗಳ ಹಿಂದೆ ದೊಡ್ಡ ಆಸ್ಪತ್ರೆಗಳ ವೈದ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು.

1943ರಲ್ಲಿ, ಪೆನಿಸಿಲಿನ್ ಇನ್ನೂ ಹೊಸದಾಗಿದ್ದಾಗ, ಅದನ್ನು ಗಿನಿಯಿಲಿಗಳಿಗೆ ಚುಚ್ಚಿ ನೋಡಿದ ಸಂಶೋಧಕರಿಗೆ ದಿಗಿಲಾಯಿತು. ಮನುಷ್ಯರನ್ನು ಉಳಿಸುತ್ತಿದ್ದ ಔಷಧದಿಂದ ಆ ಪ್ರಾಣಿಗಳು ಸಾಯುತ್ತಿದ್ದವು. ಮುಂದಿನ ದಶಕದಲ್ಲಿ ಆ್ಯಂಟಿಬಯಾಟಿಕ್ ಪಡೆದ ಕೆಲವು ರೋಗಿಗಳ ದೊಡ್ಡಕರುಳಿನ ಒಳಗೋಡೆಯ ಮೇಲೆ ಹಳದಿ ಪೊರೆ ಕಟ್ಟಿ, ತೀವ್ರ ಭೇದಿಯಾಗುವುದು ಕಾಣಿಸಿತು. ಆಗ ಆರೋಪ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಬಂತು. ಅದನ್ನು ಕೊಲ್ಲಲು ವ್ಯಾಂಕೊಮೈಸಿನ್ ಕುಡಿಸಿದರು, ಅನೇಕರು ಗುಣವಾದರು, ಹಾಗಾಗಿ ಆರೋಪ ಇನ್ನಷ್ಟು ಗಟ್ಟಿಯಾಯಿತು. ನಿಜವಾದ ಅಪರಾಧಿಯೂ ಅದೇ ಔಷಧಕ್ಕೆ ಸಾಯುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಗುಣವಾದ ಮಾತ್ರಕ್ಕೆ ರೋಗ ಯಾವುದೆಂದು ತಿಳಿದಂತಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1974ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯರು ಕ್ಲಿಂಡಾಮೈಸಿನ್ ಪಡೆದ 200 ರೋಗಿಗಳನ್ನು ಗಮನಿಸಿದರು. ನೂರಕ್ಕೆ 21 ಮಂದಿಗೆ ಭೇದಿಯಾಗಿತ್ತು, ನೂರಕ್ಕೆ 10 ಮಂದಿಯ ಕರುಳಿನಲ್ಲಿ ಆ ಪೊರೆ ಕಂಡಿತು. ಆ ಔಷಧವೇ ಕರುಳಿಗೆ ವಿಷ ಎಂದು ಹಲವರು ನಂಬಿದರು. 1978ರ ಹೊತ್ತಿಗೆ ಜಾನ್ ಬಾರ್ಟ್ಲೆಟ್ ಅವರ ತಂಡ ಹಾಗೂ ಇತರರು ನಿಜವಾದ ಕಾರಣವನ್ನು ಹಿಡಿದರು. ಅದು ಆಗ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂದು ಕರೆಯುತ್ತಿದ್ದ ಬ್ಯಾಕ್ಟೀರಿಯಾ ಬಿಡುವ ವಿಷ. ಆ ಬ್ಯಾಕ್ಟೀರಿಯಾ ಹೊಸದೇನೂ ಅಲ್ಲ. 1935ರಲ್ಲಿಯೇ ಹಾಲ್ ಮತ್ತು ಓಟೂಲ್ ಎಂಬಿಬ್ಬರು ಅದನ್ನು ಆರೋಗ್ಯವಂತ ನವಜಾತ ಶಿಶುಗಳ ಮಲದಲ್ಲಿ ಕಂಡಿದ್ದರು. ಬೆಳೆಸುವುದು ಕಷ್ಟ ಎಂಬ ಕಾರಣಕ್ಕೆ ಅದಕ್ಕೆ ಆ ಹೆಸರು ಬಂತು. ಶಿಶುಗಳಲ್ಲಿ ಸುಮ್ಮನೆ ಇರುತ್ತಿದ್ದುದರಿಂದ ನಲವತ್ತು ವರ್ಷ ಯಾರೂ ಅದರ ಮೇಲೆ ಅನುಮಾನ ಪಡಲಿಲ್ಲ.

ಹೀಗೆ ಒಂದು ಪ್ರಶ್ನೆ ಎರಡಾಯಿತು. ಆ್ಯಂಟಿಬಯಾಟಿಕ್ ನಂತರದ ಭೇದಿಗಳಲ್ಲಿ ಡಿಫಿಸಿಲ್‌ನಿಂದ ಬರುವುದು ಸಣ್ಣ ಪಾಲು, ಹತ್ತರಲ್ಲಿ ಒಂದೋ ಎರಡೋ. ಉಳಿದ ಬಹುಪಾಲಿನಲ್ಲಿ ಹೊಸ ರೋಗಾಣು ಇರುವುದೇ ಇಲ್ಲ. ನಾವು ಜೀರ್ಣಿಸಲಾಗದ ನಾರು, ಪಿಷ್ಟಗಳನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಸಣ್ಣ ಆಮ್ಲಗಳಾಗಿ ಮಾಡುತ್ತವೆ. ಕರುಳು ಆ ಆಮ್ಲಗಳನ್ನು ಹೀರಿಕೊಳ್ಳುವಾಗ ಅವುಗಳ ಜೊತೆಗೆ ಉಪ್ಪು, ನೀರೂ ಒಳಗೆ ಹೋಗುತ್ತವೆ. ಔಷಧದಿಂದ ಆ ಬ್ಯಾಕ್ಟೀರಿಯಾಗಳು ಕಡಿಮೆಯಾದಾಗ ಹುದುಗದೆ ಉಳಿದ ಪದಾರ್ಥ ನೀರನ್ನು ಹಿಡಿದುಕೊಂಡು ಹೊರಬರುತ್ತದೆ. ಇಂಥ ಭೇದಿ ಊಟ ಕಡಿಮೆ ಮಾಡಿದರೆ ಕಡಿಮೆಯಾಗುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುವುದು ಅಪರೂಪ, ಜ್ವರ ಬರಿಸುವುದಿಲ್ಲ. ಮಾತ್ರೆ ನಿಂತ ಮೇಲೆ ಕೆಲವು ದಿನಗಳಿಂದ ಎರಡು ವಾರದೊಳಗೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ.

ಡಿಫಿಸಿಲ್‌ನ ನಡತೆ ಬೇರೆ. ಉಪವಾಸವಿದ್ದರೂ, ರಾತ್ರಿಯಲ್ಲೂ ಭೇದಿ ಆಗುತ್ತದೆ. ಹೊಟ್ಟೆ ಹಿಂಡುತ್ತದೆ, ಜ್ವರ ಬರಬಹುದು. ಮಾತ್ರೆ ಮುಗಿದು ಎರಡು, ಮೂರು ತಿಂಗಳ ನಂತರವೂ ಕಾಣಿಸಿಕೊಳ್ಳಬಹುದು. ವಯಸ್ಸಾದವರಲ್ಲಿ, ಆಸ್ಪತ್ರೆಯಲ್ಲಿ ಮಲಗಿ ಬಂದವರಲ್ಲಿ ಹೆಚ್ಚು. ಇದರ ಅನುಮಾನವಿರುವಾಗ ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ತಾವೇ ಅಂಗಡಿಯಿಂದ ತಂದು ನುಂಗಬಾರದು. ಪರೀಕ್ಷೆಯಲ್ಲೂ ಒಂದು ತೊಡಕಿದೆ. ಭೇದಿಯಿಲ್ಲದ ಆರೋಗ್ಯವಂತರ ಕರುಳಿನಲ್ಲೂ ಈ ಬ್ಯಾಕ್ಟೀರಿಯಾ ಸುಮ್ಮನೆ ಇರಬಹುದು. ಆದ್ದರಿಂದ ಗಟ್ಟಿಯಾದ ಮಲವನ್ನು ಇದಕ್ಕಾಗಿ ಪರೀಕ್ಷಿಸುವುದಿಲ್ಲ, ಅದು ಇದೆ ಎನ್ನುವುದಕ್ಕಿಂತ ಅದರ ವಿಷ ಇದೆಯೇ ಎಂಬುದಕ್ಕೆ ಬೆಲೆ ಹೆಚ್ಚು.

ಚಿಕ್ಕಮ್ಮನನ್ನು ಮಂಗಳೂರಿಗೆ ಕರೆದೊಯ್ದಾಗ ಅಲ್ಲಿನ ವೈದ್ಯರು ಮೊದಲು ಆ ವಿಷದ ಪರೀಕ್ಷೆಯನ್ನೇ ಮಾಡಿಸಿದರು. ಇರಲಿಲ್ಲ. ಸಾಮಾನ್ಯ ಮಲಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಆಗ ಅವರು ಕೇಳಿದ ಪ್ರಶ್ನೆಗಳು ನನಗೆ ಚೆನ್ನಾಗಿ ನೆನಪಿವೆ. ತೇಗಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆಯೇ? ಮಲ ಎಣ್ಣೆಯಂತೆ ಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆಯೇ? ಹೊಟ್ಟೆ ಉಬ್ಬುತ್ತದೆಯೇ? ರಕ್ತ ಇದೆಯೇ? ಮೊದಲ ಮೂರಕ್ಕೂ ಚಿಕ್ಕಮ್ಮ ಹೌದೆಂದರು, ರಕ್ತ ಮಾತ್ರ ಇರಲಿಲ್ಲ. ಕೊನೆಗೆ ಕೇಳಿದ್ದು, ಯಾತ್ರೆಯಿಂದ ಮರಳಿದ್ದು ಯಾವ ದಿನ, ಭೇದಿ ಶುರುವಾದದ್ದು ಯಾವ ದಿನ ಎಂದು.

ಅಲ್ಲಿಯವರೆಗೆ ನಾವ್ಯಾರೂ ಆ ದಿನಗಳನ್ನು ಎಣಿಸಿರಲಿಲ್ಲ. ಮಾತ್ರೆಯ ಲೆಕ್ಕದಲ್ಲಿ ಮೂರನೆಯ ದಿನ. ಯಾತ್ರೆಯ ಲೆಕ್ಕದಲ್ಲಿ ಮನೆಗೆ ಬಂದ ಮೇಲೆ ಎಂಟನೆಯ ದಿನ. ಗಿಯಾರ್ಡಿಯಾ ಎಂಬ ಏಕಕೋಶ ಪರಾವಲಂಬಿ ಹೊಟ್ಟೆ ಸೇರಿ ತೊಂದರೆ ಕೊಡಲು ಒಂದರಿಂದ ಎರಡು ವಾರ ಬೇಕು. ಜೊತೆಗೆ ಹೋಗಿದ್ದ ಅತ್ತೆಗೂ ಹೊಟ್ಟೆ ಉಬ್ಬರವಿತ್ತು, ಅವರು ಯಾವ ಆ್ಯಂಟಿಬಯಾಟಿಕ್ ಮಾತ್ರೆಯನ್ನೂ ತೆಗೆದುಕೊಂಡಿರಲಿಲ್ಲ. ಮನೆಯಲ್ಲೇ ಉಳಿದು, ಗುಡ್ಡಕ್ಕೆ ಕೊರೆದ ಸುರಂಗದಿಂದ ಬರುವ ನೀರು ಕುಡಿದುಕೊಂಡೇ ಇದ್ದ ಚಿಕ್ಕಪ್ಪನಿಗೆ ಏನೂ ಆಗಿರಲಿಲ್ಲ.

ಗಿಯಾರ್ಡಿಯಾವನ್ನು ಮೊದಲು ಕಂಡವನು ಡಚ್ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್. 1681ರಲ್ಲಿ ತನಗೆ ಭೇದಿಯಾದಾಗ ತನ್ನ ಮಲವನ್ನೇ ತಾನು ಮಾಡಿದ ಮಸೂರದಡಿಯಲ್ಲಿ ನೋಡಿದ. ಇಷ್ಟು ಹಿಂದೆಯೇ ಕಂಡ ಜೀವಿ ಇಂದಿಗೂ ಪರೀಕ್ಷೆಯಲ್ಲಿ ತಪ್ಪಿಹೋಗುವುದಕ್ಕೆ ಕಾರಣವಿದೆ. ಅದು ಗಟ್ಟಿ ಚಿಪ್ಪಿನ ಕೋಶಗಳಾಗಿ ಹೊರಬರುತ್ತದೆ, ಆದರೆ ದಿನಾಲೂ ಬರುವುದಿಲ್ಲ. ಆದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿ ಕೊಡಬೇಕು. ಚಿಕ್ಕಮ್ಮನ ಮೂರನೆಯ ಮಾದರಿಯಲ್ಲಿ ಅದು ಸಿಕ್ಕಿತು. ತಣ್ಣೀರಿನಲ್ಲಿ ವಾರಗಟ್ಟಲೆ ಬದುಕುವ ಆ ಕೋಶಗಳನ್ನು ಕುಡಿಯುವ ನೀರಿಗೆ ಸಾಮಾನ್ಯವಾಗಿ ಹಾಕುವ ಕ್ಲೋರಿನ್ ಕೊಂದೇ ಕೊಲ್ಲುತ್ತದೆ ಎಂದು ನಂಬುವಂತಿಲ್ಲ. ನೀರು ಕೊತಕೊತ ಒಂದು ನಿಮಿಷ ಕುದಿದರೆ ಸಾಯುತ್ತವೆ.

ಟಿನಿಡಜೋಲ್ ಎರಡು ಗ್ರಾಂ ಒಂದೇ ಬಾರಿಗೆ ಕೊಟ್ಟರು. ನಾಲ್ಕನೆಯ ದಿನಕ್ಕೆ ತೇಗು, ಉಬ್ಬರ ಹೋದವು. ಆದರೆ ಹಾಲು ಹಾಕಿದ ಚಹಾ ಕುಡಿದರೆ, ಪಾಯಸ ತಿಂದರೆ ಮತ್ತೆ ಭೇದಿ. ರೋಗಾಣು ಉಳಿದಿದೆ, ಇನ್ನೊಂದು ಮದ್ದು ಬೇಕು ಎಂದು ಮನೆಯಲ್ಲಿ ಗದ್ದಲವಾಯಿತು. ಸಣ್ಣಕರುಳಿನ ಒಳಪದರ ಸವೆದಾಗ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕೆಲವು ವಾರ ಕಡಿಮೆಯಾಗಿರುತ್ತದೆ ಎಂದು ವೈದ್ಯರು ತಿಳಿಹೇಳಿದರು. ಮತ್ತೊಮ್ಮೆ ಮಲ ಪರೀಕ್ಷಿಸಿ ಗಿಯಾರ್ಡಿಯಾ ಇಲ್ಲವೆಂದು ಖಚಿತ ಮಾಡಿಕೊಂಡು, ಹಾಲು ಮಾತ್ರ ಬಿಡಿಸಿದರು. ಆ ಸಕ್ಕರೆಯ ಒಂದಂಶ ಹುಳಿಯುವಾಗಲೇ ಕರಗಿಹೋಗಿರುವ ಮಜ್ಜಿಗೆ ಅವರಿಗೆ ಹಿತವಾಗಿತ್ತು. ಇನ್ನೊಂದು ಆ್ಯಂಟಿಬಯಾಟಿಕ್ ನುಂಗಿದ್ದರೆ ಆಗಷ್ಟೇ ಚೇತರಿಸುತ್ತಿದ್ದ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮತ್ತೆ ಪೆಟ್ಟು ಬೀಳುತ್ತಿತ್ತು, ಡಿಫಿಸಿಲ್‌ಗೆ ಬಾಗಿಲು ತೆರೆದಂತಾಗುತ್ತಿತ್ತು.

ಐದು ವಾರಗಳ ನಂತರ ಚಿಕ್ಕಮ್ಮ ಮೊದಲು ಅರ್ಧ ಲೋಟ ಹಾಲಿನ ಚಹಾ ಕುಡಿದು ಒಂದು ದಿನ ಕಾದರು. ಏನೂ ಆಗಲಿಲ್ಲ. ಮರುದಿನ ಪೂರ್ತಿ ಲೋಟ ಕುಡಿದರು.