ಎಣ್ಣೆ ಪ್ಯಾಕೆಟ್ ಎಷ್ಟಕ್ಕಿಳಿದಾಗ ಆರ್ಡರ್ ಕೊಡಬೇಕು?

ದಾವಣಗೆರೆಯ ಒಂದು ದಿನಸಿ ಅಂಗಡಿಯ ಸ್ಟಾಕ್ ಲೆಕ್ಕವನ್ನು ಸರಿಪಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಲೀಟರಿನ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ತಿಂಗಳಲ್ಲಿ ಎರಡು ಮೂರು ದಿನ ಖಾಲಿಯಾಗುತ್ತಿತ್ತು. "ಎಣ್ಣೆ ಇಲ್ಲ ಅಂದರೆ ಬೇಳೆ, ಸಕ್ಕರೆ ಬರೆದ ಇಡೀ ಚೀಟಿನೇ ಪಕ್ಕದ ಅಂಗಡಿಗೆ ಹೋಗುತ್ತೆ ಸಾರ್" ಎಂದು ಮಾಲೀಕರು ಹೇಳಿದ ಮಾತಿನಲ್ಲಿ ನಿಜವಾದ ನಷ್ಟದ ಅಂದಾಜು ಇತ್ತು.

ಅವರ ಬಳಿ ಅರವತ್ತು ದಿನಗಳ ಮಾರಾಟ ಎಕ್ಸೆಲ್ ಹಾಳೆಯಲ್ಲಿ ಇತ್ತು: `A` ಕಾಲಂನಲ್ಲಿ ದಿನಾಂಕ, `B` ಕಾಲಂನಲ್ಲಿ ಮಾರಿದ ಪ್ಯಾಕೆಟ್‌ಗಳು. ಒಟ್ಟು 756 ಪ್ಯಾಕೆಟ್ ಮಾರಾಟವಾಗಿದ್ದು, ದಿನದ ಸರಾಸರಿ 12.6 ಎಂದು ಹಾಳೆ ತೋರಿಸುತ್ತಿತ್ತು. ಆದರೆ ಆರು ದಿನಗಳ ಎದುರಿಗೆ ಸೊನ್ನೆ ಇತ್ತು. ಆ ಆರೂ ದಿನ ಗಿರಾಕಿಗಳು ಬಂದಿದ್ದರು, ಕೊಡಲು ಎಣ್ಣೆ ಇರಲಿಲ್ಲ. ಸರಕು ಇದ್ದೂ ಮಾರಾಟವಾಗದ ದಿನಕ್ಕೆ ಮಾತ್ರ ಸೊನ್ನೆ ಬರೆಯಬೇಕು. ಸರಕೇ ಇಲ್ಲದ ದಿನದ ಸೆಲ್ಲನ್ನು ಖಾಲಿ ಬಿಡಬೇಕು, ಏಕೆಂದರೆ ಸರಾಸರಿ ತೆಗೆಯುವಾಗ ಎಕ್ಸೆಲ್ ಖಾಲಿ ಸೆಲ್ಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಧ್ಯಾಹ್ನವೇ ಸರಕು ಮುಗಿದ ದಿನಕ್ಕೂ ಇದೇ ನಿಯಮ. ಆರು ಸೊನ್ನೆಗಳನ್ನು ಅಳಿಸಿದ ಮೇಲೆ ಸರಾಸರಿ 14 ಆಯಿತು. ದಿನದಿಂದ ದಿನಕ್ಕೆ ಮಾರಾಟ ಎಷ್ಟು ಏರಿಳಿಯುತ್ತದೆ ಎಂಬುದನ್ನು ತಿಳಿಸುವ ಮಾನಕ ವಿಚಲನೆ 6.4ರಿಂದ 5ಕ್ಕೆ ಇಳಿಯಿತು.

ಎರಡನೆಯ ಪ್ರಶ್ನೆ ದಿನಗಳದ್ದು. ಆರ್ಡರ್ ಕೊಟ್ಟ ಮೂರನೆಯ ದಿನ ಸರಕು ಬರುತ್ತದೆ ಎಂದು ಮಾಲೀಕರು ಮೂರು ದಿನಕ್ಕೇ ಲೆಕ್ಕ ಹಾಕಿದ್ದರು. ಫೋನ್ ಮಾಡಿ ಯಾವ ದಿನ ಬೇಕಾದರೂ ಆರ್ಡರ್ ಕೊಡುವಂತಿದ್ದರೆ ಅದು ಸರಿಯೇ. ಆದರೆ ಅವರ ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್‌ಮನ್ ಆರ್ಡರ್ ಬರೆದುಕೊಳ್ಳಲು ಬರುವುದು ಮಂಗಳವಾರ ಮಾತ್ರ. ಈ ಮಂಗಳವಾರ ಬರೆಸಿದ ಸರಕು ಶುಕ್ರವಾರ ಬರುತ್ತದೆ, ಅದರ ಮುಂದಿನ ಸರಕು ಬರುವುದು ಮತ್ತೊಂದು ಶುಕ್ರವಾರಕ್ಕೆ. ಹಾಗಾಗಿ ಇಂದು ಕೈಯಲ್ಲಿರುವುದೂ ಇಂದು ಬರೆಸುವುದೂ ಸೇರಿ ಒಟ್ಟು ಹತ್ತು ದಿನ ತಾಳಬೇಕು. ಸಣ್ಣ ಅಂಗಡಿಗಳಲ್ಲಿ ಸರಕು ಖಾಲಿಯಾಗುವುದಕ್ಕೆ ನಾನು ಹೆಚ್ಚಾಗಿ ಕಂಡಿರುವ ಕಾರಣ ಈ ಏಳು ದಿನಗಳನ್ನು ಮರೆಯುವುದೇ.

`E1`ರಲ್ಲಿ ಸರಾಸರಿ, `E2`ರಲ್ಲಿ ಮಾನಕ ವಿಚಲನೆ, `E3`ರಲ್ಲಿ ದಿನಗಳ ಸಂಖ್ಯೆ ಇಟ್ಟುಕೊಂಡರೆ ಸೂತ್ರಗಳು ಇಷ್ಟೇ:

```
E1: =AVERAGE(B2:B61)
E2: =STDEV.S(B2:B61)
E3: 10
E4: =NORM.S.INV(0.95)*E2*SQRT(E3)
E5: =ROUNDUP(E1*E3+E4,0)
```

`E4` ಆಪತ್ಕಾಲದ ದಾಸ್ತಾನು, ಅಂದರೆ ಮಾರಾಟ ಸರಾಸರಿಯನ್ನು ಮೀರಿದಾಗ ಕೈಹಿಡಿಯುವ ಸರಕು. ಇಲ್ಲಿ ಅದು 26 ಪ್ಯಾಕೆಟ್. ಸೂತ್ರದಲ್ಲಿರುವ 0.95ರ ಅರ್ಥ, ಇಂಥ ಇಪ್ಪತ್ತು ಸರದಿಗಳಲ್ಲಿ ಸುಮಾರು ಒಂದರಲ್ಲಿ ಸರಕು ಖಾಲಿಯಾಗುವುದನ್ನು ನಾವು ಒಪ್ಪಿಕೊಂಡಿದ್ದೇವೆ ಎಂಬುದು. `E5` ಮಂಗಳವಾರದ ಮಟ್ಟ, ಅಂದರೆ ಅಂದು ಕೈಯಲ್ಲಿರುವುದೂ ಬರೆಸುವುದೂ ಸೇರಿ ಇರಬೇಕಾದ ಸರಕು. ಇಲ್ಲಿ ಅದು 167. ಮಂಗಳವಾರ ಅಂಗಡಿಯಲ್ಲಿ 52 ಪ್ಯಾಕೆಟ್ ಇದ್ದು, ದಾರಿಯಲ್ಲಿ ಬೇರೆ ಸರಕು ಇಲ್ಲದಿದ್ದರೆ, 115 ಬೇಕು. ಹತ್ತರ ಬಾಕ್ಸ್ ಆದ್ದರಿಂದ 12 ಬಾಕ್ಸ್ ಬರೆಸಬೇಕು. ಯಾವ ದಿನವಾದರೂ ಆರ್ಡರ್ ಕೊಡಬಹುದಾದ ಅಂಗಡಿಯವರು `E3`ರಲ್ಲಿ 3 ಇಟ್ಟರೆ 57 ಬರುತ್ತದೆ. ಸರಕು ಅಷ್ಟಕ್ಕಿಳಿದ ದಿನವೇ ಅವರು ಫೋನ್ ಮಾಡಬೇಕು.

ಸೊನ್ನೆಗಳನ್ನು ಹಾಗೆಯೇ ಬಿಟ್ಟಿದ್ದರೆ ಹತ್ತು ದಿನದ ಮಟ್ಟ 160 ಬರುತ್ತಿತ್ತು. ವ್ಯತ್ಯಾಸ ಏಳೇ ಪ್ಯಾಕೆಟ್ ಎಂದು ಸಮಾಧಾನಪಟ್ಟುಕೊಳ್ಳಬಾರದು. ತಗ್ಗಿದ ಸರಾಸರಿಯ ತಪ್ಪನ್ನು ಉಬ್ಬಿದ ವಿಚಲನೆ ಅರ್ಧಕ್ಕಿಂತ ಹೆಚ್ಚು ಮುಚ್ಚಿಹಾಕಿದ್ದರಿಂದ ಉತ್ತರ ಸರಿಯಿದ್ದಂತೆ ಕಾಣುತ್ತದೆ, ಅಷ್ಟೇ.

ಮದುವೆ ಮನೆಯವರು ಒಂದೇ ದಿನ ಅರವತ್ತು ಪ್ಯಾಕೆಟ್ ಒಯ್ದಿದ್ದರೆ ಅದನ್ನು ಬೇರೆ ಕಾಲಂನಲ್ಲಿ ಬರೆಯುವುದು ಒಳ್ಳೆಯದು. ಅಂಥ ಸರಕನ್ನು ಮುಂಗಡ ಹೇಳಿಸಿಕೊಂಡು ತರಿಸಬಹುದು. ಗೌರಿ-ಗಣೇಶ, ದೀಪಾವಳಿಯ ವಾರಗಳಿಗೆ ಈ ಸರಾಸರಿ ನಡೆಯುವುದಿಲ್ಲ, ಹಿಂದಿನ ವರ್ಷದ ಅದೇ ಹಬ್ಬದ ಮಾರಾಟವನ್ನೇ ನೋಡಬೇಕು. ತಿಂಗಳಿಗೆ ಎರಡು ಮೂರು ಮಾತ್ರ ಹೋಗುವ ಸರಕಿಗೂ ಈ ಸೂತ್ರ ಹೊಂದುವುದಿಲ್ಲ.

ಎರಡು ತಿಂಗಳ ನಂತರ ಆ ಅಂಗಡಿಯ ಹಾಳೆಗೆ ಆರ್ಡರ್ ಕೊಟ್ಟ ದಿನ, ಸರಕು ಬಂದ ದಿನ ಎಂಬ ಇನ್ನೆರಡು ಕಾಲಂ ಸೇರಿಸಿದೆವು. ಶುಕ್ರವಾರದ ಗಾಡಿ ಕೆಲವೊಮ್ಮೆ ಗುರುವಾರವೇ ಬಂದಿತ್ತು, ಕೆಲವೊಮ್ಮೆ ಶನಿವಾರ ದಾಟಿತ್ತು. ಆ ಏರಿಳಿತದ ಮಾನಕ ವಿಚಲನೆ ಒಂದು ದಿನದಷ್ಟಿತ್ತು. ಅದನ್ನು `E6`ರಲ್ಲಿಟ್ಟು `E4`ರ ಸೂತ್ರವನ್ನು ಹೀಗೆ ಬದಲಿಸಿದೆವು:

```
=NORM.S.INV(0.95)*SQRT(E3*E2^2+E1^2*E6^2)
```

ಆಪತ್ಕಾಲದ ದಾಸ್ತಾನು 26ರಿಂದ 35ಕ್ಕೆ ಏರಿ, ಮಂಗಳವಾರದ ಮಟ್ಟ 175ಕ್ಕೆ ಬಂದು ನಿಂತಿತು. ಗಾಡಿ ಹೇಳಿದ ದಿನಕ್ಕೇ ಬಂದರೆ ಒಂದು ಬಾಕ್ಸಿನಷ್ಟು ಎಣ್ಣೆಯ ದುಡ್ಡು ಕೈಯಲ್ಲೇ ಉಳಿಯುತ್ತದೆ ಎಂದು ಮಾಲೀಕರು ಈಗ ಹಾಳೆ ತೋರಿಸಿಯೇ ಸೇಲ್ಸ್‌ಮನ್ ಜೊತೆ ಮಾತನಾಡುತ್ತಾರೆ.