ಸೊಂಟದ ಮೇಲೆ ಕೈಯಿಟ್ಟವರಿಗೆ ಸಿಟ್ಟು ಬಂದಿಲ್ಲ

ಜಾಹೀರಾತಿಗೆ ಕನ್ನಡದಲ್ಲಿ ಸಾಲು ಬರೆಯುವುದು ನನ್ನ ಕಸುಬು. ಈಚೆಗೆ ಅದರಲ್ಲಿ ಅರ್ಧಕ್ಕರ್ಧ ಮೀಮ್ ಕೆಲಸವೇ. ಬೆಂಗಳೂರಿನ ಸಣ್ಣ ಕಂಪನಿಗಳ ಮಾಲೀಕರು ಫೋನ್ ಮಾಡಿ ಕೇಳುವ ಮೊದಲ ಚಿತ್ರ ಒಂದೇ: "ಮೇಡಂ, ಸೊಂಟದ ಮೇಲೆ ಕೈ ಇಟ್ಕೊಂಡು ಸಿಟ್ಟಲ್ಲಿ ನಿಂತಿರ್ತಾರಲ್ಲ ಗಡ್ಡದ ಅಂಕಲ್, ಅವರನ್ನ ಹಾಕಿ ಏನಾದ್ರೂ ಮಾಡಿ." ಇವರಿಗೆ ಎಷ್ಟು ಸಲ ಹೇಳಲಿ, ಆ ಅಂಕಲ್‌ಗೆ ಸಿಟ್ಟು ಬಂದಿಲ್ಲ.

ಆ ಚಿತ್ರ ಎಲ್ಲಿಂದ ಬಂತು ಎನ್ನುವುದು ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ. 2019ರ ಜೂನ್ 12, ಇಂಗ್ಲೆಂಡಿನ ಟಾಂಟನ್, ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಮತ್ತು ಪಾಕಿಸ್ತಾನದ ಪಂದ್ಯ. ವಹಾಬ್ ರಿಯಾಜ್ ಬೌಲಿಂಗ್‌ನಲ್ಲಿ ಡೇವಿಡ್ ವಾರ್ನರ್ ಹೊಡೆದ ಚೆಂಡು ಥರ್ಡ್ ಮ್ಯಾನ್ ಕಡೆಗೆ ಹೋಯಿತು. ಅಲ್ಲಿದ್ದ ಪಾಕಿಸ್ತಾನದ ಆಸಿಫ್ ಅಲಿ ಕ್ಯಾಚ್ ಕೈಚೆಲ್ಲಿದರು. ಕ್ಯಾಮೆರಾ ಗ್ಯಾಲರಿಯತ್ತ ತಿರುಗಿದಾಗ ತೋಳಿಲ್ಲದ ಜಾಕೆಟ್ ತೊಟ್ಟ ಪಾಕಿಸ್ತಾನದ ಅಭಿಮಾನಿಯೊಬ್ಬರು ಎರಡೂ ಕೈ ಸೊಂಟಕ್ಕಿಟ್ಟು, ತುಟಿ ಬಿಗಿದು, ಮೈದಾನ ನೋಡುತ್ತ ನಿಂತಿದ್ದರು. ಕೂಗಲಿಲ್ಲ, ಬೈಯಲಿಲ್ಲ, ತಲೆ ಚಚ್ಚಿಕೊಳ್ಳಲಿಲ್ಲ.

ವಾರ್ನರ್ ಆಗ 104ರಲ್ಲಿದ್ದರು. ಜೀವದಾನ ಸಿಕ್ಕಮೇಲೆ ಅವರು ಮಾಡಿದ್ದು ಇನ್ನು ಮೂರೇ ಓಟ, 107ಕ್ಕೆ ಔಟ್. ಅಂದರೆ ಆ ಕ್ಯಾಚ್ ಬಿಟ್ಟದ್ದರಿಂದ ಆದ ನಷ್ಟ ಏನೇನೂ ಅಲ್ಲ. ಆದರೆ ಅದೇ ಆಸಿಫ್ ಅದಕ್ಕೂ ಮೊದಲು ಸ್ಲಿಪ್‌ನಲ್ಲಿ ಏರಾನ್ ಫಿಂಚ್ ಕ್ಯಾಚನ್ನೂ ಬಿಟ್ಟಿದ್ದರು. 26ರಲ್ಲಿ ಬದುಕಿಕೊಂಡ ಫಿಂಚ್ 82 ಹೊಡೆದರು, ಪಾಕಿಸ್ತಾನ ಸೋತದ್ದು 41 ಓಟದಿಂದ. ಆ ಮುಖದಲ್ಲಿ ಕಾಣುವುದು ಆ ಮೂರು ಓಟದ ಲೆಕ್ಕವಲ್ಲ. 'ಮತ್ತೆ ನೀನೇನಾ' ಎನ್ನುವ ಭಾವ.

ಈಗ ನನ್ನ ಗಿರಾಕಿಗಳಿಗೆ ಅರ್ಥವಾಗದೇ ಉಳಿದಿರುವ ಒಂದೇ ವಿಷಯಕ್ಕೆ ಬರುತ್ತೇನೆ. ಕೈಚೆಲ್ಲಿದವನು ಆ ಅಭಿಮಾನಿಯ ಕಡೆಯವನು. ಆಸ್ಟ್ರೇಲಿಯಾದವನು ಕ್ಯಾಚ್ ಬಿಟ್ಟಿದ್ದರೆ ಅವರು ಕುಣಿಯುತ್ತಿದ್ದರು. ನಂಬಿದವನು, ಮನೆಯವನು, ಮಾಡಲೇಬೇಕಾದ ಸುಲಭದ ಕೆಲಸವನ್ನು ಕೆಡಿಸಿದಾಗ ಮಾತ್ರ ಮನುಷ್ಯ ಹಾಗೆ ನಿಲ್ಲುತ್ತಾನೆ. ಪರರ ಮೇಲೆ ಹುಟ್ಟುವುದು ಕೋಪ, ನಮ್ಮವರ ಮೇಲೆ ಹುಟ್ಟುವುದು ಇದು. ರಸ್ತೆ ಗುಂಡಿಗೆ ಈ ಚಿತ್ರ ಹಾಕಿ ಯಾರೂ ನಗಿಸಲಾರರು, ಗುಂಡಿ ಮುಚ್ಚುತ್ತಾರೆಂದು ನಂಬಿ ಕೂತವರು ಈ ಊರಲ್ಲಿ ಯಾರಿದ್ದಾರೆ? ಆರ್‌ಸಿಬಿ 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್ ಆದದ್ದನ್ನು ನೆನೆದು ಇದೇ ಚಿತ್ರ ಹಾಕಿದರೆ ಮಾತ್ರ ನಮ್ಮ ಹುಡುಗರು ಇವತ್ತಿಗೂ ನಗುತ್ತಾರೆ. ಪಾಕಿಸ್ತಾನದ ಅಭಿಮಾನಿ ಬೆಂಗಳೂರಿನ ಮೊಬೈಲುಗಳಲ್ಲಿ ನೆಂಟನ ಹಾಗೆ ನೆಲೆಯೂರಿದ್ದಕ್ಕೂ ಇದೇ ಕಾರಣ. ನಾವು ಅವರನ್ನು ನೋಡಿ ನಗುತ್ತಿಲ್ಲ, ಅವರ ಪಕ್ಕದ ಸೀಟಿನಲ್ಲಿ ನಾವೂ ಕೂತಿದ್ದೇವೆ.

ಅದರ ಒಳಗೆ ಇನ್ನೊಂದು ಪದರವಿದೆ. ನೋಡಿದ ತಕ್ಷಣ ನಾವು ಆ ಅಂಕಲ್ ಆಗುತ್ತೇವೆ. ಮರುಕ್ಷಣ, ಮಾರ್ಕ್ಸ್ ಕಾರ್ಡ್ ಹಿಡಿದು ಅಪ್ಪನ ಮುಂದೆ ನಿಂತಿದ್ದು ನೆನಪಾಗಿ ಆಸಿಫ್ ಅಲಿ ಆಗುತ್ತೇವೆ. ಹೊಡೆದು ಬೈದು ಮಾಡುವ ಅಪ್ಪಂದಿರಿಗಿಂತ ಬಾಗಿಲಲ್ಲಿ ಸುಮ್ಮನೆ ನಿಲ್ಲುವ ಅಪ್ಪಂದಿರಿಗೆ ನಾವು ಹೆಚ್ಚು ಹೆದರಿದವರು.

ಒಂದು ಕೆಲಸವನ್ನೇ ಬಿಡಿಸಿ ಹೇಳುತ್ತೇನೆ. ದೋಸೆ ಹಿಟ್ಟು ಮಾರುವ ಒಬ್ಬರು ತಾವೇ ಬರೆದ ಸಾಲು ಕಳಿಸಿದರು: "ಬೇರೆಯವರ ಹಿಟ್ಟಲ್ಲಿ ದೋಸೆ ಹುಯ್ದಾಗ ಸಿಟ್ಟು ಬರುತ್ತೆ ಅಲ್ವಾ?" ಕೆಳಗೆ ಅಂಕಲ್, ಮೂಲೆಯಲ್ಲಿ ದೊಡ್ಡ ಲೋಗೋ. ಇದರಲ್ಲಿ ಎರಡು ತಪ್ಪು. ಬೇರೆ ಬ್ರ್ಯಾಂಡ್ ನಮ್ಮ ಮನೆಯವನಲ್ಲ, ಅದರ ಮೇಲೆ ಈ ಮುಖ ಕೂರುವುದಿಲ್ಲ. ಎರಡನೆಯದು, ಮುಖ ಹೇಳುತ್ತಿರುವುದನ್ನೇ ಸಾಲೂ ಹೇಳಿದರೆ ಓದುವವನಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಭಾವ ಚಿತ್ರದ ಪಾಲು. ಸಾಲಿನ ಪಾಲಿಗೆ ಬರುವುದು ಸಂದರ್ಭ ಮಾತ್ರ, ಅದೂ ಅರ್ಧ.

ನಾನು ಬರೆದುಕೊಟ್ಟದ್ದು: "ಹಿಟ್ಟು ತಗೊಂಡು ಬಾ ಅಂತ ಕಳಿಸಿದ ಮಗ, ಹಾಲು ಹಿಡ್ಕೊಂಡು ಬಂದಾಗ." ಕಳಿಸಿದವರು ಯಾರೆಂದು ಬರೆದಿಲ್ಲ, ಬೇಕಾಗಿಲ್ಲ. ಕೆಲಸ ಸುಲಭದ್ದು, ಕೆಡಿಸಿದವನು ಮನೆಯವನು, ಮಿಕ್ಕಿದ್ದನ್ನು ಎರಡು ಕೈ ಹೇಳುತ್ತವೆ. ಇದೇ ಜಾಯಮಾನದ ಇನ್ನೊಂದು ಕೊಟ್ಟೆ: "ಮೂರು ವಿಷಲ್ ಆದ್ಮೇಲೆ ಆಫ್ ಮಾಡು ಅಂತ ಹೇಳಿ ಸ್ನಾನಕ್ಕೆ ಹೋದ ಅಮ್ಮ, ಏಳನೇ ವಿಷಲ್‌ಗೆ." ಮಾಲೀಕರಿಗೆ ಹಿಡಿಸಿತು, ಆದರೆ ಪೇಚಾಡಿದರು: "ಇದ್ರಲ್ಲಿ ನಮ್ ಹಿಟ್ಟು ಎಲ್ಲಿದೆ ಮೇಡಂ?" ಅದೂ ನ್ಯಾಯವೇ. ಮೊದಲನೆಯದೇ ಉಳಿಯಿತು.

ಸಾಲು ಸರಿಯಿದ್ದರೂ ಕತ್ತರಿಸುವಾಗ ಕೆಡಿಸುವವರಿದ್ದಾರೆ. ಸ್ಟೇಟಸ್ಸಿಗೆ ಉದ್ದಕ್ಕೆ ಕತ್ತರಿಸಿ, ಮೊಣಕೈ ಎರಡೂ ಹೊರಗೆ ಹೋಗಿ, ಬರೀ ಮುಖ ಉಳಿಯುತ್ತದೆ. ಮುಖ ಮಾತ್ರ ನೋಡಿದರೆ ಅದು ಸಿಟ್ಟಿನಂತೆಯೇ ಕಾಣುತ್ತದೆ, ನನ್ನ ಗಿರಾಕಿಗಳ ತಪ್ಪು ತಿಳಿವಳಿಕೆಯ ಮೂಲವೂ ಬಹುಶಃ ಇದೇ. ಸೊಂಟದ ಮೇಲಿನ ಕೈ ಇದ್ದರೆ ಅವರು ಕಾಯುತ್ತಿದ್ದರು ಎಂದು ತಿಳಿಯುತ್ತದೆ. ಚಿತ್ರದ ಅಗಲ ಬಿಡಬೇಡಿ, ಬೇಕಿದ್ದರೆ ಮೇಲೆ ಕೆಳಗೆ ಖಾಲಿ ಜಾಗ ಬಿಟ್ಟು ಅಲ್ಲಿ ಸಾಲು ಹಾಕಿ.

ಇನ್ನು ಎಚ್ಚರಿಕೆಯ ಮಾತು. ಗೆಳೆಯರ ಗುಂಪಿನಲ್ಲಿ ಕಳಿಸುವುದು ಬೇರೆ, ಸರಕು ಮಾರಲು ಹಾಕುವುದು ಬೇರೆ. ಆ ದೃಶ್ಯ ಪಂದ್ಯದ ಪ್ರಸಾರದ್ದು, ಮುಖ ಬದುಕಿರುವ ಒಬ್ಬ ಮನುಷ್ಯರದ್ದು. ಎರಡಕ್ಕೂ ಹಕ್ಕಿನ ಪ್ರಶ್ನೆ ಇರುತ್ತದೆ. ನಾನು ವಕೀಲೆಯಲ್ಲ, ಕೇಳಿಯೇ ಮುಂದುವರಿಯಿರಿ ಎನ್ನುತ್ತೇನೆ. "ಎಲ್ಲರೂ ಹಾಕ್ತಾರೆ ಮೇಡಂ" ಎನ್ನುವುದು ಅನುಮತಿಪತ್ರವಲ್ಲ. ಎರಡು ದೇಶಗಳ ನಡುವೆ ವಾತಾವರಣ ಬಿಸಿಯಾಗಿರುವಾಗಲಂತೂ ಅಂಗಡಿಯವರು ಇದನ್ನು ಮುಟ್ಟದಿರುವುದೇ ಕ್ಷೇಮ, ಆಗ ಚಿತ್ರದಲ್ಲಿ ಜನಕ್ಕೆ ದೇಶ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹಿಟ್ಟಿನವರಿಗೆ ಕಡೆಗೆ ಬೇರೆ ದಾರಿ ಮಾಡಿಕೊಟ್ಟೆವು. ಅವರ ಲೆಕ್ಕ ಬರೆಯುವ ಹಿರಿಯರನ್ನೇ, ಅವರ ಒಪ್ಪಿಗೆ ಪಡೆದು, ಗೋದಾಮಿನ ಬಾಗಿಲಲ್ಲಿ ಅದೇ ಭಂಗಿಯಲ್ಲಿ ನಿಲ್ಲಿಸಿದೆವು. ಅವರು ಮೊದಲು ನಕ್ಕರು, ಆಮೇಲೆ ಹುಬ್ಬು ಗಂಟಿಕ್ಕಿದರು. ಹುಬ್ಬು ಗಂಟಿಕ್ಕಿದರೆ ಸಿಟ್ಟಿನ ಮುಖ ಬರುತ್ತದೆ, ಹುಬ್ಬು ಸಡಿಲವಾಗಿರಬೇಕು, ತುಟಿ ಮಾತ್ರ ಬಿಗಿಯಬೇಕು. ಫೋಟೋ ತೆಗೆಯುವ ಹುಡುಗ ಉಪಾಯ ಮಾಡಿದ. "ಸಾರ್, ನೀವು ಹೋದ ವಾರವೇ ತಂದುಕೊಡಿ ಅಂದಿದ್ದ ಬಿಲ್‌ಗಳು ಇನ್ನೂ ಓನರ್ ಮಗನ ಕಾರಲ್ಲೇ ಇವೆಯಂತೆ" ಎಂದ. ಹಿರಿಯರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅದ್ಭುತವಾದ ಫೋಟೋ ಬಂತು.

ಹಿಂದೆ ನಿಂತು ನೋಡುತ್ತಿದ್ದ ಮಾಲೀಕರು ಹೇಳಿದರು, "ಚೆನ್ನಾಗಿದೆ ಮೇಡಂ. ಇನ್ನೂ ಒಂಚೂರು ಸಿಟ್ಟು ಬಂದಿದ್ರೆ..."